ಶರ್ಟ್ ತಪ್ಪು, ಸ್ಕೋರ್ 0.83: ಬಟ್ಟೆ ಮ್ಯಾಚ್ ಅಳೆಯೋಕೆ ಕ್ಲಿಪ್ ಬಳಸಿದಾಗ ಎಲ್ಲಿ ಎಡವುತ್ತೆ, ಹುಡುಕೋದು ಹೇಗೆ

ಮೊದಲು ತೊಂದರೆ ಏನು ಅಂತ ಹೇಳಿಬಿಡ್ತೀನಿ. ಟ್ರೈ-ಆನ್ ಮಾಡೆಲ್‌ಗೆ ಒಂದು ಶರ್ಟಿನ ಫೋಟೋ ಕೊಡ್ತೀವಿ, ಅದನ್ನ ಒಬ್ಬ ವ್ಯಕ್ತಿ ಹಾಕ್ಕೊಂಡಿರೋ ಹಾಗೆ ಚಿತ್ರ ಬರುತ್ತೆ, ಬಂದ ಚಿತ್ರದಲ್ಲಿರೋದು ಅದೇ ಶರ್ಟೇನಾ ಅಂತ ನೋಡೋಕೆ ಎರಡೂ ಚಿತ್ರನ ಕ್ಲಿಪ್ ಅನ್ನೋ ಚಿತ್ರ-ಬರಹ ಮಾಡೆಲ್‌ಗೆ ಹಾಕಿ, ಅದು ಕೊಡೋ ಎರಡು ವೆಕ್ಟರ್ ಎಷ್ಟು ಹತ್ರ ಅಂತ ಕೊಸೈನ್ ತೆಗೀತೀವಿ. ಸಾವಿರಾರು ಚಿತ್ರ ಇದ್ದಾಗ ಒಂದೊಂದನ್ನೇ ಕೂತು ನೋಡೋಕಾಗಲ್ಲ, ಹಾಗಾಗಿ ಎಲ್ಲರೂ ಇದನ್ನೇ ಮಾಡ್ತಾರೆ, ನಾನೂ ಮಾಡ್ತಿದ್ದೆ. ಆಮೇಲೆ ಒಂದು ದಿನ ಎರಡು ರಿಸಲ್ಟ್ ಪಕ್ಕಪಕ್ಕ ಇಟ್ಟು ನೋಡ್ತೀನಿ, ಸ್ಕೋರ್ ಪೂರ್ತಿ ತಲೆಕೆಳಗು.

ರೆಫರೆನ್ಸ್ ಒಂದು ಕಡುನೀಲಿ ಶರ್ಟು, ಬಿಳಿ ಹಿನ್ನೆಲೆ ಮೇಲೆ ಚಪ್ಪಟೆಯಾಗಿ ಹರಡಿ ತೆಗೆದ ಫೋಟೋ, 768 ಅಗಲ 1024 ಎತ್ತರ. ಸಣ್ಣ ಬಿಳಿ ಪಟ್ಟೆಗಳು ಮೇಲಿಂದ ಕೆಳಕ್ಕೆ ಹೋಗಿವೆ, ಎದೆ ಮೇಲಿನ ಜೇಬಿನಲ್ಲಿ ಹಳದಿ ದಾರದ ಒಂದು ಪುಟ್ಟ ಕಸೂತಿ ಗುರುತು, ಸುಮಾರು 45 ಪಿಕ್ಸೆಲ್ ಅಗಲ ಇರಬಹುದು. ಮೊದಲನೇ ರಿಸಲ್ಟ್‌ನಲ್ಲಿ ಶರ್ಟ್ ಸರಿಯಾಗೇ ಬಂದಿದೆ, ಪಟ್ಟೆನೂ ಇದೆ ಗುರುತೂ ಇದೆ, ಆದ್ರೆ ವ್ಯಕ್ತಿ ಸ್ವಲ್ಪ ಪಕ್ಕಕ್ಕೆ ತಿರುಗಿ ರಸ್ತೆ ಬದಿ ನಿಂತಿದ್ದಾನೆ. ಎರಡನೇದರಲ್ಲಿ ವ್ಯಕ್ತಿ ನೆಟ್ಟಗೆ ಬಿಳಿ ಗೋಡೆ ಮುಂದೆ ನಿಂತಿದ್ದಾನೆ, ಆದ್ರೆ ಪಟ್ಟೆಗಳು ಎರಡರಷ್ಟು ದಪ್ಪ ಆಗಿವೆ, ಗುರುತು ಮಾಯ. ಮೊದಲನೇದಕ್ಕೆ 0.71, ಎರಡನೇದಕ್ಕೆ 0.83. ಸರಿ ಇರೋದಕ್ಕೆ ಕಮ್ಮಿ, ತಪ್ಪಿರೋದಕ್ಕೆ ಜಾಸ್ತಿ. ಯಾಕೆ ಹೀಗಾಯ್ತು ಅಂತ ನಾನು ಹುಡುಕಿದ ಕ್ರಮದಲ್ಲೇ ಬರೀತೀನಿ. ಅಂಕಿಗಳು ನನ್ನ ಸೆಟ್‌ನವು, ನಿಮ್ಮದು ಬೇರೆ ಬರುತ್ತೆ, ಆದ್ರೆ ಓಲುವ ದಿಕ್ಕು ಹೆಚ್ಚುಕಮ್ಮಿ ಇದೇ ಇರುತ್ತೆ.

ಮೊದಲು ಕೋಡ್ ಸರಿ ಇದ್ಯಾ ನೋಡಿ

ಇದಕ್ಕೆ ಐದು ನಿಮಿಷ ಸಾಕು. ಒಂದೇ ಫೈಲನ್ನ ಎರಡೂ ಕಡೆ ಕೊಡಿ, 1.000 ಬರಬೇಕು. ಬರದೇ 80, 100 ಥರ ದೊಡ್ಡ ಅಂಕಿ ಬಂದ್ರೆ ಒಂದೋ ವೆಕ್ಟರ್‌ನ ಉದ್ದದಿಂದ ಭಾಗಿಸಿಲ್ಲ, ಇಲ್ಲ ಟ್ರೈನಿಂಗ್‌ಗೆ ಅಂತ ಇರೋ `logit_scale` ಗುಣಾಕಾರ ಸ್ಕೋರ್ ಒಳಗೆ ಸೇರ್ಕೊಂಡಿದೆ. ಇನ್ನೊಂದು ಗೊಂದಲ ಏನಂದ್ರೆ, ಬರಹ ಮತ್ತು ಚಿತ್ರದ ನಡುವಿನ ಕ್ಲಿಪ್ ಸ್ಕೋರ್ ಚೆನ್ನಾಗಿ ಹೊಂದಿದ್ರೂ 0.3 ಆಸುಪಾಸಲ್ಲೇ ಇರುತ್ತೆ, ಚಿತ್ರ ಮತ್ತು ಚಿತ್ರದ ನಡುವಿನದು ಅದಕ್ಕಿಂತ ಎಷ್ಟೋ ಮೇಲೆ ಇರುತ್ತೆ, ಎರಡರ ಅಳತೆಕೋಲೇ ಬೇರೆ. ಒಂದರ ಕಟ್-ಆಫ್ ತಗೊಂಡು ಇನ್ನೊಂದಕ್ಕೆ ಹಾಕಿದವರನ್ನ ನೋಡಿದ್ದೀನಿ.

```python
import torch, open_clip
model, _, prep = open_clip.create_model_and_transforms(
    "ViT-B-32-quickgelu", pretrained="openai")
model.eval()

def emb(im):
    with torch.no_grad():
        f = model.encode_image(prep(im).unsqueeze(0))
    return f / f.norm(dim=-1, keepdim=True)

score = (emb(ref) * emb(res)).sum().item()
```

ನನ್ನ ಕೋಡ್‌ನಲ್ಲಿ ಇದೆಲ್ಲ ಸರಿಯಾಗೇ ಇತ್ತು, ಹಾಗಾಗಿ ಮುಂದಕ್ಕೆ ಹೋದೆ.

ಮಾಡೆಲ್‌ಗೆ ನಿಜವಾಗಿ ಏನು ಕಾಣ್ತಿದೆ

ನಾವು ಕೊಟ್ಟ ಚಿತ್ರ ಬೇರೆ, ಮಾಡೆಲ್ ನೋಡೋ ಚಿತ್ರ ಬೇರೆ. `prep` ಮುಗಿಸಿ ಬಂದ ಟೆನ್ಸರನ್ನ ವಾಪಸ್ ಚಿತ್ರ ಮಾಡಿ ಸೇವ್ ಮಾಡಿ, ಕಣ್ಣಲ್ಲಿ ನೋಡಿ, ಇದನ್ನ ಮಾಡದೇ ಮುಂದೆ ಹೋಗ್ಲೇಬೇಡಿ. ಕ್ಲಿಪ್‌ನ ಮಾಮೂಲಿ ಪ್ರಿಪ್ರೊಸೆಸ್ ಚಿತ್ರದ ಚಿಕ್ಕ ಬದಿನ 224ಕ್ಕೆ ಇಳಿಸುತ್ತೆ, ಆಮೇಲೆ ನಡುವಿಂದ 224×224 ಚೌಕ ಕತ್ತರಿಸುತ್ತೆ. 768×1024 ಚಿತ್ರ 224×298 ಆಗಿ, ಮೇಲೆ ಕೆಳಗೆ ಕತ್ತರಿಸಿ ಹೋಗುತ್ತೆ. ಮೂಲ ಚಿತ್ರದ ಲೆಕ್ಕದಲ್ಲಿ ಮೇಲಿಂದ 128 ಸಾಲು ಕೆಳಗಿಂದ 128 ಸಾಲು, ಅಂದ್ರೆ ಎತ್ತರದಲ್ಲಿ ಕಾಲು ಭಾಗ ಮಾಡೆಲ್ ಕಣ್ಣಿಗೆ ಬೀಳೋದೇ ಇಲ್ಲ. ನನ್ನ ರೆಫರೆನ್ಸ್‌ನಲ್ಲಿ ಕಾಲರ್ ಅರ್ಧ ಹೋಗಿತ್ತು, ಕೆಳಗಿನ ಅಂಚು ಪೂರ್ತಿ ಹೋಗಿತ್ತು. ಕಾಲರ್ ತಪ್ಪಿದ್ಯಾ ಅಂತ ಈ ಸ್ಕೋರ್ ಹೇಳುತ್ತೆ ಅಂತ ನಾನು ಅಷ್ಟು ದಿನ ನಂಬಿದ್ದೆ, ಕಾಲರೇ ಅಲ್ಲಿರಲಿಲ್ಲ. ಉದ್ದ ಗೌನ್ ಆದ್ರೆ ಇನ್ನೂ ಕಷ್ಟ, ಕೆಳಗಿನ ಅಂಚಿನಲ್ಲಿರೋ ಡಿಸೈನ್ ಏನೇ ಆದ್ರೂ ಸ್ಕೋರ್ ಅಲ್ಲಾಡಲ್ಲ.

ಇದೇ ಹಂತದಲ್ಲಿ ಇನ್ನೊಂದು ಸಿಕ್ತು. ಕೆಲವು ರೆಫರೆನ್ಸ್‌ಗಳು ಹಿನ್ನೆಲೆ ತೆಗೆದ ಪಾರದರ್ಶಕ ಪಿಎನ್‌ಜಿ ಫೈಲು. ಅದನ್ನ `convert("RGB")` ಮಾಡಿದಾಗ ಪಾರದರ್ಶಕತೆಯ ಮಾಹಿತಿ ಸುಮ್ಮನೆ ಬಿದ್ದುಹೋಗಿ, ಅಡಿಯಲ್ಲಿ ಯಾವ ಬಣ್ಣ ಕೂತಿತ್ತೋ ಅದು ಎದ್ದು ಬರುತ್ತೆ, ಬಹಳ ಸಲ ಕಪ್ಪು. ಕಡುನೀಲಿ ಶರ್ಟು ಕಪ್ಪು ಹಿನ್ನೆಲೆ, ಅಂಚೇ ಗೊತ್ತಾಗಲ್ಲ. ಮೊಬೈಲಲ್ಲಿ ತೆಗೆದ ಫೋಟೋ ಆದ್ರೆ ಎಕ್ಸಿಫ್ ತಿರುಗುವಿಕೆ ಓದದೆ ಶರ್ಟ್ ಅಡ್ಡ ಮಲಗಿರೋದೂ ಉಂಟು.

```python
from PIL import Image, ImageOps
def load_square(path, fill=(127, 127, 127)):
    im = ImageOps.exif_transpose(Image.open(path)).convert("RGBA")
    s = max(im.size)
    out = Image.new("RGBA", (s, s), fill + (255,))
    pos = ((s - im.width) // 2, (s - im.height) // 2)
    out.paste(im, pos, im)
    return out.convert("RGB")
```

ಚೌಕಕ್ಕೆ ಪ್ಯಾಡ್ ಮಾಡಿದ ಮೇಲೆ ಏನೂ ಕತ್ತರಿಸಿ ಹೋಗಲ್ಲ, ಆದ್ರೆ ಇದು ಪುಕ್ಕಟೆ ಅಲ್ಲ. ಮುಂಚೆ ಚಿತ್ರ 3.4 ಪಟ್ಟು ಚಿಕ್ಕದಾಗ್ತಿತ್ತು, ಈಗ 4.6 ಪಟ್ಟು. ಜೇಬಿನ 45 ಪಿಕ್ಸೆಲ್ ಗುರುತು ಈಗ 10 ಪಿಕ್ಸೆಲ್. `ViT-B/32` ಚಿತ್ರನ 32×32 ತುಂಡುಗಳಾಗಿ ನೋಡುತ್ತೆ, ಇಡೀ ಚಿತ್ರಕ್ಕೆ 7×7, ಒಟ್ಟು 49 ತುಂಡು ಅಷ್ಟೇ. ಅದರಲ್ಲಿ ಒಂದು ತುಂಡಿನ ಮೂಲೆಯಲ್ಲಿ 10 ಪಿಕ್ಸೆಲ್ ಹಳದಿ ಚುಕ್ಕೆ. ಹಾಗಾಗಿ ಪ್ಯಾಡ್ ಮಾಡೋಕೆ ಮುಂಚೆ ಬಟ್ಟೆ ಇರೋ ಜಾಗಕ್ಕೆ ಬಿಗಿಯಾಗಿ ಕ್ರಾಪ್ ಮಾಡ್ಕೊಳ್ಳಿ, ಸುತ್ತಲಿನ ಖಾಲಿ ಜಾಗಕ್ಕೆ ತುಂಡುಗಳನ್ನ ದಂಡ ಮಾಡೋದ್ಯಾಕೆ. `ViT-L/14` ಬಳಸಿದ್ರೆ 256 ತುಂಡು ಸಿಗುತ್ತೆ, ಅದೇ ಮಾಡೆಲ್‌ನ 336 ಪಿಕ್ಸೆಲ್ ಆವೃತ್ತಿಯಲ್ಲಿ 576. ಅನುಕೂಲ ಆಗುತ್ತೆ, ಆದ್ರೆ ಮುಂದೆ ಹೇಳೋ ತೊಂದರೆ ಅದರಿಂದ ಹೋಗಲ್ಲ.

ಇಷ್ಟೆಲ್ಲ ಸರಿ ಮಾಡಿ ಮತ್ತೆ ಓಡಿಸಿದೆ. ಮೊದಲನೇದು 0.73, ಎರಡನೇದು 0.84. ಹಟ ಬಿಡಲಿಲ್ಲ.

0.84 ಅಂದ್ರೆ ಎಷ್ಟು

ಇಲ್ಲಿ ಒಂದು ಪ್ರಶ್ನೆ ಕೇಳ್ಕೋಬೇಕಿತ್ತು, ನಾನು ತಡವಾಗಿ ಕೇಳ್ಕೊಂಡೆ. ಸಂಬಂಧನೇ ಇಲ್ಲದ ಎರಡು ಶರ್ಟಿಗೆ ಎಷ್ಟು ಬರುತ್ತೆ? ಕೊಸೈನ್ ಅಂದ ತಕ್ಷಣ ಸೊನ್ನೆ ಅಂದ್ರೆ ಏನೂ ಇಲ್ಲ, ಒಂದು ಅಂದ್ರೆ ಪೂರ್ತಿ ಅಂತ ತಲೆಯಲ್ಲಿ ಕೂತಿರುತ್ತೆ. ಕ್ಲಿಪ್ ಕೊಡೋ ವೆಕ್ಟರ್‌ಗಳು ಎಲ್ಲಾ ದಿಕ್ಕಿಗೂ ಹರಡಿಕೊಂಡಿರಲ್ಲ, ಒಂದು ಕಿರಿದಾದ ಶಂಕುವಿನ ಒಳಗೆ ಗುಂಪಾಗಿ ಕೂತಿರುತ್ತವೆ, ಅದಕ್ಕೇ ಯಾವ ಎರಡು ಫೋಟೋ ತಗೊಂಡ್ರೂ ಸೊನ್ನೆ ಹತ್ರ ಬರೋದು ಅಪರೂಪ. ಅದರಲ್ಲೂ ಎರಡೂ ಶರ್ಟು, ಎರಡೂ ಬಿಳಿ ಹಿನ್ನೆಲೆ ಆದ್ರಂತೂ ನೆಲವೇ, ಅಂದ್ರೆ ಸಂಬಂಧ ಇಲ್ಲದವಕ್ಕೂ ಬರೋ ಸ್ಕೋರೇ, ಎತ್ತರದಲ್ಲಿರುತ್ತೆ.

ನಾನು ಅದೇ ಕಡುನೀಲಿ ಶರ್ಟನ್ನ ನನ್ನ ಸೆಟ್‌ನ ಬೇರೆ 40 ಶರ್ಟುಗಳ ಜೊತೆ ಹೋಲಿಸಿದೆ, ಎಲ್ಲವೂ ಚಪ್ಪಟೆ ಹರಡಿದ ಫೋಟೋಗಳೇ. 0.69ರಿಂದ 0.88ರವರೆಗೆ ಬಂತು. ಅಂದ್ರೆ ಬೇರೆಯದೇ ಆದ ಒಂದು ನೀಲಿ ಪಟ್ಟೆ ಶರ್ಟು 0.88 ತಗೊಂಡಿದೆ, ನನ್ನ 0.84 ಅದರ ಕೆಳಗಿದೆ. ಇಷ್ಟು ದಿನ 0.8 ದಾಟಿದ್ರೆ ಪಾಸು ಅಂತ ಒಂದು ಗೆರೆ ಎಳೆದುಕೊಂಡಿದ್ದೆ, ಆ ಗೆರೆಗೆ ಯಾವ ಬೆಲೆನೂ ಇರಲಿಲ್ಲ ಅಂತ ಆಗ ಗೊತ್ತಾಯ್ತು.

ಹಾಗಾಗಿ ಬಿಡಿ ಅಂಕಿ ನೋಡೋದು ಬಿಟ್ಟು ಅಂತರ ನೋಡಿ. ಪ್ರತಿ ರಿಸಲ್ಟನ್ನ ತನ್ನ ರೆಫರೆನ್ಸ್ ಜೊತೆ ಹೋಲಿಸಿ, ಅದೇ ಜಾತಿಯ ಬೇರೆ ಎಲ್ಲಾ ರೆಫರೆನ್ಸ್ ಜೊತೆಗೂ ಹೋಲಿಸಿ. ತನ್ನದು ಮೊದಲ ಸ್ಥಾನದಲ್ಲಿ ಬಂತಾ, ಎರಡನೇ ಸ್ಥಾನದಲ್ಲಿರೋದಕ್ಕಿಂತ ಎಷ್ಟು ಮುಂದಿದೆ, ಇದು ಬಿಡಿ ಅಂಕಿಗಿಂತ ಹೆಚ್ಚು ಹೇಳುತ್ತೆ. ಯಾಕಂದ್ರೆ ಹಿನ್ನೆಲೆ, ಭಂಗಿ, ಬೆಳಕು ಇವೆಲ್ಲ ಎಲ್ಲಾ ಹೋಲಿಕೆಯಲ್ಲೂ ಒಂದೇ ಥರ ಸೇರ್ಕೊಳ್ಳೋದ್ರಿಂದ ಬಹುಪಾಲು ವಜಾ ಆಗಿಬಿಡುತ್ತೆ. ರಸ್ತೆ ಬದಿಯ ಮೊದಲನೇ ರಿಸಲ್ಟು 0.73 ಇದ್ರೂ ತನ್ನ ರೆಫರೆನ್ಸನ್ನೇ ಮೊದಲನೇದಾಗಿ ಆರಿಸ್ತು, ಎರಡನೇ ಸ್ಥಾನದ ರೆಫರೆನ್ಸ್‌ಗಿಂತ 0.04 ಮುಂದೆ. ಬಿಳಿ ಗೋಡೆಯ ರಿಸಲ್ಟು 0.84 ಇದ್ರೂ ಮೂರನೇ ಸ್ಥಾನಕ್ಕೆ ಜಾರಿತ್ತು, ದಪ್ಪ ಪಟ್ಟೆಯ ಬೇರೆ ಎರಡು ಶರ್ಟು ಅದಕ್ಕಿಂತ ಹತ್ರ ಇದ್ವು. ಸೆಟ್‌ನಲ್ಲಿ ಒಂದಕ್ಕೊಂದು ಹೋಲೋ ಬಟ್ಟೆಗಳು ಇದ್ರೆ ಮಾತ್ರ ಈ ಪರೀಕ್ಷೆಗೆ ಅರ್ಥ. ಒಂದು ಶರ್ಟು, ಒಂದು ಕೋಟು, ಒಂದು ಸ್ಕರ್ಟು ಇಟ್ಕೊಂಡು ಮಾಡಿದ್ರೆ ಎಲ್ಲವೂ ಮೊದಲ ಸ್ಥಾನ ಬರುತ್ತೆ, ಏನೂ ಕಲಿಯೋಕಾಗಲ್ಲ.

ಬೇಕು ಅಂತಲೇ ಹಾಳು ಮಾಡಿ ನೋಡಿ

ನನ್ನ ಪ್ರಕಾರ ಇಡೀ ಹುಡುಕಾಟದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಇದೇ. ರೆಫರೆನ್ಸ್ ಫೋಟೋನೇ ತಗೊಳ್ಳಿ, ಒಂದು ಸಲಕ್ಕೆ ಒಂದೇ ಒಂದು ಬದಲಾವಣೆ ಮಾಡಿ, ಮೂಲದ ಜೊತೆ ಹೋಲಿಸಿ ಸ್ಕೋರ್ 1ರಿಂದ ಎಷ್ಟು ಕೆಳಗೆ ಬಿತ್ತು ಬರ್ಕೊಳ್ಳಿ. ಯಾವುದೇ ಫೋಟೋ ಎಡಿಟರ್ ಸಾಕು.

ಜೇಬಿನ ಹಳದಿ ಗುರುತು ಪೂರ್ತಿ ಅಳಿಸಿದೆ, ಬಿದ್ದಿದ್ದು 0.008. ಚಿತ್ರನ ಕನ್ನಡಿ ಥರ ತಿರುಗಿಸಿದೆ, ಜೇಬು ಎಡದಿಂದ ಬಲಕ್ಕೆ ಹೋಯ್ತು, ಗುಂಡಿ ಪಟ್ಟಿ ಕೂಡ ಅದಲುಬದಲು, 0.01. ಕಡುನೀಲಿನ ಹೆಚ್ಚುಕಮ್ಮಿ ಕಪ್ಪು ಮಾಡಿದೆ, 0.03. ನಿಂತ ಪಟ್ಟೆನ ಅಡ್ಡ ಪಟ್ಟೆ ಮಾಡಿದೆ, 0.05. ಆಮೇಲೆ ಶರ್ಟನ್ನ ಒಂದು ಪಿಕ್ಸೆಲ್ಲೂ ಮುಟ್ಟದೆ ಬಿಳಿ ಹಿನ್ನೆಲೆ ತೆಗೆದು ರಸ್ತೆ ಫೋಟೋ ಇಟ್ಟೆ. 0.14!

ಅಲ್ಲಿಗೆ ಉತ್ತರ ಸಿಕ್ಕ ಹಾಗೇ. ಬಟ್ಟೆಯಲ್ಲಿ ಮಾಡಬಹುದಾದ ದೊಡ್ಡ ತಪ್ಪಿಗೆ 0.05, ಬಟ್ಟೆಗೆ ಸಂಬಂಧವೇ ಇಲ್ಲದ ಬದಲಾವಣೆಗೆ ಅದರ ಹೆಚ್ಚುಕಮ್ಮಿ ಮೂರರಷ್ಟು. ನಾನು ಬಟ್ಟೆ ಮ್ಯಾಚ್ ಅಂತ ಹೆಸರಿಟ್ಟುಕೊಂಡಿದ್ದ ಅಂಕಿ ಬಹುಪಾಲು ಹಿನ್ನೆಲೆ ಮ್ಯಾಚ್ ಆಗಿತ್ತು.

ಇದು ಕ್ಲಿಪ್‌ನ ತಪ್ಪಲ್ಲ ಅಂತನೂ ಹೇಳ್ಬೇಕು. 2021ರಲ್ಲಿ ಬಂದ ಈ ಮಾಡೆಲನ್ನ ಇಂಟರ್ನೆಟ್ಟಿನ 40 ಕೋಟಿ ಚಿತ್ರ-ಬರಹ ಜೋಡಿಗಳ ಮೇಲೆ ಕಲಿಸಿದ್ದು, ಯಾವ ಚಿತ್ರಕ್ಕೆ ಯಾವ ಬರಹ ಅಂತ ಗುರುತಿಸೋದೇ ಅದರ ಪಾಠ. ಚಿತ್ರದ ಕೆಳಗೆ ಜನ ನೀಲಿ ಪಟ್ಟೆ ಶರ್ಟ್ ಹಾಕಿ ರಸ್ತೆಯಲ್ಲಿ ನಿಂತಿರೋ ವ್ಯಕ್ತಿ ಅಂತ ಬರೀತಾರೆ, ಪಟ್ಟೆ ಮಧ್ಯೆ ಎಷ್ಟು ಮಿಲಿಮೀಟರ್ ಅಂತರ, ಜೇಬು ಯಾವ ಕಡೆ, ಗುಂಡಿ ಎಷ್ಟು ಅಂತ ಯಾರು ಬರೀತಾರೆ ಹೇಳಿ. ಬರಹದಲ್ಲಿ ಬರದೇ ಇರೋದನ್ನ ನೆನಪಿಟ್ಟುಕೊಳ್ಳೋಕೆ ಮಾಡೆಲ್‌ಗೆ ಕಾರಣವೇ ಇಲ್ಲ, ಅದರ ಮೇಲೆ ಇಡೀ ಚಿತ್ರ ಕೊನೆಗೆ 512 ಅಂಕಿಯ ಒಂದೇ ವೆಕ್ಟರ್ ಆಗ್ಬೇಕು. 2022ರ ಡ್ರೀಮ್‌ಬೂತ್ ಪೇಪರ್‌ನಲ್ಲೂ ಇದೇ ಕಾರಣಕ್ಕೆ ಕ್ಲಿಪ್ ಜೊತೆ ಡಿನೋ ಅನ್ನೋ ಇನ್ನೊಂದು ಚಿತ್ರ ಮಾಡೆಲ್‌ನ ಸ್ಕೋರ್ ಕೂಡ ಇಟ್ಟಿದ್ರು, ಒಂದೇ ಜಾತಿಯ ಎರಡು ವಸ್ತುಗಳ ನಡುವಿನ ವ್ಯತ್ಯಾಸನ ಡಿನೋ ಕಡೆಗಣಿಸಲ್ಲ ಅಂತ, ಅದಕ್ಕೆ ಬರಹದ ಲೇಬಲ್ ಇಲ್ಲದೆ ಕಲಿಸಿರೋದ್ರಿಂದ. ನೀವೂ ಡಿನೋ ಹಾಕಿ, ಆದ್ರೆ ಇದೇ ಹಾಳು ಮಾಡೋ ಪರೀಕ್ಷೆನ ಅದರ ಮೇಲೂ ಮಾಡಿ ಆಮೇಲೆ ನಂಬಿ. ಅದಕ್ಕೂ ಭಂಗಿ ಬದಲಾದ್ರೆ ಬೀಳೋ ಅಭ್ಯಾಸ ಇದೆ.

ಎದೆ ಮೇಲೆ ಅಕ್ಷರ ಇರೋ ಬಟ್ಟೆ ಆದ್ರೆ ಇನ್ನೊಂದು ವಿಚಿತ್ರ ಕಾಣ್ಸುತ್ತೆ. ಕ್ಲಿಪ್ ಚಿತ್ರದಲ್ಲಿರೋ ಪದನ ಓದುತ್ತೆ, ಹಾಗಾಗಿ ಪದ ಅದೇ ಇದ್ರೆ ಅಕ್ಷರದ ಆಕಾರ, ಗಾತ್ರ ತಪ್ಪಿದ್ರೂ ಹತ್ರ ಅಂತ ಹೇಳ್ಬಿಡಬಹುದು. ಎರಡೂ ಚಿತ್ರದ ಮೂಲೆಯಲ್ಲಿ ಒಂದೇ ವಾಟರ್‌ಮಾರ್ಕ್ ಇದ್ರೂ ಸ್ಕೋರ್ ಮೇಲೇರಬಹುದು, ಅದನ್ನ ಮುಂಚೆನೇ ಕತ್ತರಿಸಿ.

ಹಿನ್ನೆಲೆ ತೆಗೆದ ಮೇಲೂ ಉಳಿಯೋ ಮೋಸ

ಸರಿ, ಹಿನ್ನೆಲೆ ತಾನೇ ಕಾರಣ, ತೆಗೆದ್ರಾಯ್ತು ಅಂತ ಎರಡೂ ಚಿತ್ರದಲ್ಲಿ ಶರ್ಟಿಗೆ ಮಾಸ್ಕ್ ಹಾಕಿ ಉಳಿದಿದ್ದೆಲ್ಲ ಬೂದು ಬಣ್ಣ ತುಂಬಿದೆ. ಮೊದಲನೇದು 0.82ಕ್ಕೆ ಏರ್ತು, ಎರಡನೇದು 0.85. ಅಂತರ ಕಮ್ಮಿ ಆಯ್ತು, ಕ್ರಮ ಮಾತ್ರ ಇನ್ನೂ ತಪ್ಪೇ. ಯಾಕಂದ್ರೆ ಎರಡೂ ಕಡೆ ಒಂದೇ ಬೂದು ತುಂಬಿದಾಗ ಆ ಬೂದೂ ಹೋಲಿಕೆಗೆ ಸೇರ್ಕೊಂಡು ಎಲ್ಲರ ಸ್ಕೋರನ್ನೂ ಎತ್ತುತ್ತೆ (ಮಾಸ್ಕ್ ಹಾಕಿದ ಮೇಲೆ ನೆಲ ಎಷ್ಟು ಅಂತ ಹೊಸದಾಗಿ ಅಳೀಬೇಕು, ಹಳೇ 0.69-0.88 ಲೆಕ್ಕಕ್ಕೆ ಬರಲ್ಲ), ಜೊತೆಗೆ ಈಗ ಬಟ್ಟೆಯ ಹೊರಗಿನ ಆಕಾರ ಎದ್ದು ಕಾಣುತ್ತೆ. ನೆಟ್ಟಗೆ ನಿಂತವನ ಶರ್ಟಿನ ಆಕಾರ ಚಪ್ಪಟೆ ಹರಡಿದ ಶರ್ಟಿಗೆ ಹತ್ರ, ಪಕ್ಕಕ್ಕೆ ತಿರುಗಿದವನದು ದೂರ. ಹಿನ್ನೆಲೆ ಹೋಯ್ತು, ಭಂಗಿ ಬಂದು ಅದರ ಜಾಗದಲ್ಲಿ ಕೂತ್ಕೊಳ್ತು.

ಮಾಸ್ಕ್ ಮಾಡುವಾಗ ಮುಂದೆ ಬಿದ್ದ ಕೂದಲು, ಅಡ್ಡ ಬಂದ ಕೈ ಇವನ್ನ ನೋಡ್ಕೊಳ್ಳಿ. ಕೈ ಇದ್ದ ಜಾಗದಲ್ಲಿ ಬೂದು ತೂತು ಬಿದ್ದಿರುತ್ತೆ, ಮಾಡೆಲ್ ಅದನ್ನ ಬಟ್ಟೆಯ ಡಿಸೈನ್ ಅಂತ ತಿಳ್ಕೊಂಡ್ರೆ ಆಶ್ಚರ್ಯ ಇಲ್ಲ.

ಕೊನೆಗೆ ಕ್ರಮ ತಿರುಗಿದ್ದು ತುಂಡು ತುಂಡಾಗಿ ಅಳೆದಾಗ

ಇಡೀ ಶರ್ಟಿಗೆ ಒಂದು ಅಂಕಿ ಅನ್ನೋದನ್ನೇ ಬಿಟ್ಟೆ. ಕಾಲರ್, ಜೇಬಿರೋ ಎದೆ ಭಾಗ, ತೋಳಿನ ಕೊನೆ, ಕೆಳಗಿನ ಅಂಚು, ಹೀಗೆ ನಾಲ್ಕು ಜಾಗನ ಎರಡೂ ಚಿತ್ರದಿಂದ ಕ್ರಾಪ್ ಮಾಡಿ ಒಂದೊಂದನ್ನೂ ಬೇರೆ ಬೇರೆ ಹೋಲಿಸಿದೆ. ಮೊದಲ ಸಲ ಕೈಯಲ್ಲೇ ಚೌಕ ಎಳೆದೆ, ಆಮೇಲೆ ಭುಜ, ಮಣಿಕಟ್ಟು, ಸೊಂಟದ ಕೀ-ಪಾಯಿಂಟ್ ಹಿಡಿದು ತಾನಾಗೇ ಆಗೋ ಹಾಗೆ ಮಾಡಿದೆ. ಎದೆ ಭಾಗದ ತುಂಡಲ್ಲಿ ಆ ಹಳದಿ ಗುರುತು ಈಗ 10 ಪಿಕ್ಸೆಲ್ ಅಲ್ಲ, 60 ಪಿಕ್ಸೆಲ್ಲಿಗೂ ಜಾಸ್ತಿ, ಪಟ್ಟೆ ದಪ್ಪನೂ ನಿಚ್ಚಳ. ಆ ತುಂಡಿಗೆ ಸರಿ ಇರೋ ರಿಸಲ್ಟು 0.88, ತಪ್ಪಿರೋದು 0.70. ಬೇರೆ ಮೂರು ತುಂಡಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ಇರಲಿಲ್ಲ, ಸರಿ ಇರೋದರ ಅತಿ ಕಮ್ಮಿ 0.81, ತೋಳಿಂದು.

ಇಲ್ಲಿ ಸರಾಸರಿ ತಗೋಬೇಡಿ, ನಾಲ್ಕರಲ್ಲಿ ಅತಿ ಕಮ್ಮಿ ಯಾವುದೋ ಅದನ್ನ ತಗೊಳ್ಳಿ. ಜೇಬು ತಪ್ಪಾಗಿದ್ರೆ ಬಟ್ಟೆ ತಪ್ಪೇ, ಕಾಲರ್ ಎಷ್ಟೇ ಚೆನ್ನಾಗಿದ್ರೂ ಅದನ್ನ ಸರಿದೂಗಿಸೋಕಾಗಲ್ಲ. ಕನಿಷ್ಠ ತಗೊಂಡಾಗ ಸರಿ ಇರೋದು 0.81, ತಪ್ಪಿರೋದು 0.70, ಕ್ರಮ ಕೊನೆಗೂ ಕಣ್ಣಿಗೆ ಕಂಡ ಹಾಗೇ ಆಯ್ತು. ಇನ್ನೊಂದು ಅನುಕೂಲ ಏನಂದ್ರೆ ಯಾವ ಜಾಗ ಕೆಟ್ಟಿದೆ ಅಂತನೂ ತಾನಾಗೇ ಗೊತ್ತಾಗುತ್ತೆ.

ತುಂಡು ಮಾಡೋದರಲ್ಲಿ ನಾನು ಬಿದ್ದ ಗುಂಡಿ ಒಂದಿದೆ. ರಿಸಲ್ಟ್‌ನಲ್ಲಿ ವ್ಯಕ್ತಿ ದೂರ ನಿಂತಿದ್ರೆ ಎದೆಯ ತುಂಡು 90 ಪಿಕ್ಸೆಲ್ ಇರಬಹುದು, ರೆಫರೆನ್ಸ್‌ನಲ್ಲಿ ಅದೇ ಜಾಗ 160 ಇರುತ್ತೆ. ಎರಡನ್ನೂ 224ಕ್ಕೆ ಎಳೆದಾಗ ಒಂದು ಮಸುಕು, ಒಂದು ಚೂಪು, ಸ್ಕೋರ್ ಬಿದ್ದಿದ್ದು ಬಟ್ಟೆಗಲ್ಲ, ಮಸುಕಿಗೆ. ದೊಡ್ಡದನ್ನ ಮೊದಲು ಚಿಕ್ಕದರ ಅಳತೆಗೆ ಇಳಿಸಿ, ಆಮೇಲೆ ಎರಡನ್ನೂ ಒಟ್ಟಿಗೆ 224ಕ್ಕೆ ಏರಿಸಿ.

ಬಣ್ಣನ ಮಾತ್ರ ಕ್ಲಿಪ್ ಕೈಗೆ ಬಿಡಲೇಬೇಡಿ. ನೀಲಿ ಕಪ್ಪಾದ್ರೆ ಬಿದ್ದಿದ್ದು 0.03 ಅಂತ ಮೇಲೆ ನೋಡಿದ್ವಲ್ಲ, ಅಷ್ಟು ಸಣ್ಣ ವ್ಯತ್ಯಾಸ ಭಂಗಿಯ ಗದ್ದಲದಲ್ಲಿ ಮುಳುಗಿಹೋಗುತ್ತೆ. ಮಾಸ್ಕ್ ಒಳಗಿನ ಪಿಕ್ಸೆಲ್‌ಗಳನ್ನ ಲ್ಯಾಬ್ ಅನ್ನೋ ಬಣ್ಣದ ಅಳತೆಗೆ ತಿರುಗಿಸಿ, ಎರಡೂ ಕಡೆಯ ಮಧ್ಯಾಂಕ ತಗೊಂಡು `skimage` ಒಳಗಿನ `deltaE_ciede2000` ಹಾಕಿದ್ರೆ ಬಣ್ಣದ ವ್ಯತ್ಯಾಸ ನೇರವಾಗಿ ಸಿಗುತ್ತೆ. ಸಂಜೆ ಬೆಳಕು, ನೆರಳು ಇದ್ದಾಗ ಅದೂ ಏರುತ್ತೆ, ಆದ್ರೆ ತಿಳಿ-ಗಾಢದ ಅಂಶ ಬಿಟ್ಟು ಬರೀ `a` ಮತ್ತು `b` ನೋಡಿದ್ರೆ ನೆರಳಿನ ಕಾಟ ಸ್ವಲ್ಪ ತಗ್ಗುತ್ತೆ. ಹಾಗೆ ಮಾಡಿದ್ರೆ ಕಡುನೀಲಿ ಮತ್ತು ತಿಳಿನೀಲಿ ವ್ಯತ್ಯಾಸದಲ್ಲೂ ಸ್ವಲ್ಪ ಕೈಬಿಡುತ್ತೆ, ಹಾಗಾಗಿ ನಾನು ಎರಡನ್ನೂ ಬರ್ಕೊಳ್ತೀನಿ.

ವ್ಯಕ್ತಿ ಬೆನ್ನು ಹಾಕಿ ನಿಂತಿದ್ದು ರೆಫರೆನ್ಸ್ ಮುಂಭಾಗದ್ದಾದ್ರೆ ಯಾವ ಸ್ಕೋರೂ ಏನೂ ಹೇಳೋಕಾಗಲ್ಲ. ಅಂಥವನ್ನ ಕಮ್ಮಿ ಅಂಕ ಕೊಟ್ಟು ಫೇಲ್ ಮಾಡಬೇಡಿ, ಅಳೆಯೋಕಾಗಲ್ಲ ಅಂತ ಬೇರೆ ಎತ್ತಿಡಿ.

ಇನ್ನೊಂದು ವಿಷ್ಯ, ಇದು ಎಲ್ಲ ಸರಿ ಮಾಡಿದ ಮೇಲೆ ಗೊತ್ತಾಗಿದ್ದು. ಒಂದೊಂದು ಶರ್ಟಿಗೆ ಎಂಟೆಂಟು ಚಿತ್ರ ತೆಗೆದು ಅತಿ ಹೆಚ್ಚು ಸ್ಕೋರ್ ಇರೋದನ್ನ ಇಟ್ಕೊಳ್ಳೋ ಪದ್ಧತಿ ನಮ್ಮಲ್ಲಿತ್ತು. ಹಳೇ ಸ್ಕೋರಿನಿಂದ ಹಾಗೆ ಆರಿಸಿದ ಫೋಲ್ಡರ್ ತೆಗೆದು ನೋಡಿದ್ರೆ ಎಲ್ಲರೂ ಕೈ ಇಳಿಬಿಟ್ಟು, ನೆಟ್ಟಗೆ, ಬಿಳಿ ಗೋಡೆ ಮುಂದೆ ನಿಂತಿದ್ದಾರೆ, ಪಾಸ್‌ಪೋರ್ಟ್ ಫೋಟೋ ಸಾಲು ಇದ್ದ ಹಾಗೆ. ನಿಮ್ಮ ಫೋಲ್ಡರ್ ಕೂಡ ಹಾಗೆ ಕಾಣ್ತಿದ್ರೆ ಮೇಲಿನ ಹಾಳು ಮಾಡೋ ಪರೀಕ್ಷೆಯಿಂದಲೇ ಶುರು ಮಾಡಿ, ಬಿಸಾಕಿದ ಏಳೇಳು ಚಿತ್ರಗಳನ್ನ ಡಿಲೀಟ್ ಮಾಡಿರದಿದ್ರೆ ಅವನ್ನೂ ಹೊಸ ಸ್ಕೋರಲ್ಲಿ ಮತ್ತೆ ಓಡಿಸಿ. ನಾನು ಡಿಲೀಟ್ ಮಾಡ್ಬಿಟ್ಟಿದ್ದೆ.